ಕೇಸ್‌ಶೀಟು ಒಂದು, ಬಿಲ್ಲು ಮೂರು: ಆಸ್ಪತ್ರೆಯ ಲೆಕ್ಕ ತಪಾಸಣೆ ಹೇಗೆ ನಡೆಯುತ್ತದೆ?



ಉತ್ತರಪತ್ರಿಕೆ ತಿದ್ದುವಾಗ ಶಿಕ್ಷಕರು ಒಂದು ತಪ್ಪಿಗೆ ಹೆಚ್ಚು ಹೆದರುತ್ತಾರೆ. ಒಳಪುಟದಲ್ಲಿ ಕೊಟ್ಟ ಅಂಕ ಮುಖಪುಟಕ್ಕೆ ಬರದೇ ಹೋಗುವ ತಪ್ಪು ಅದು. ಆಸ್ಪತ್ರೆಯ ಬಿಲ್ಲಿನಲ್ಲೂ ಆಗುವುದು ಇದೇ. ಅಲ್ಲಿ ಒಳಪುಟವೆಂದರೆ ಕೇಸ್‌ಶೀಟು, ಮುಖಪುಟವೆಂದರೆ ಬಿಲ್ಲು. ಎರಡನ್ನೂ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸುವುದೇ ತಪಾಸಣೆಯ ಮೊದಲ ಹೆಜ್ಜೆ.

ಒಂದು ಮಾದರಿ ಲೆಕ್ಕ ಮಾಡೋಣ. ಶಿಕಾರಿಪುರದ ಕಡೆಯ ಕೂಲಿಯೊಬ್ಬರು ಅಡಿಕೆ ಮರದಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು, 6 ದಿನ ಆಸ್ಪತ್ರೆಯಲ್ಲಿದ್ದರು ಎಂದುಕೊಳ್ಳಿ. ಕೇಸ್‌ಶೀಟಿನಲ್ಲಿ ಡ್ರೆಸ್ಸಿಂಗ್ 5 ಸಲ, ಆಮ್ಲಜನಕ 9 ಗಂಟೆ, ಸಕ್ಕರೆ ಪರೀಕ್ಷೆ 14 ಎಂದಿದೆ. ಬಿಲ್ಲಿನಲ್ಲಿ ಡ್ರೆಸ್ಸಿಂಗ್ 3, ಸಕ್ಕರೆ ಪರೀಕ್ಷೆ 10 ಮಾತ್ರ ಇವೆ. ಆಮ್ಲಜನಕದ ಸಾಲೇ ಇಲ್ಲ. ಡ್ರೆಸ್ಸಿಂಗಿಗೆ 200, ಆಮ್ಲಜನಕಕ್ಕೆ ಗಂಟೆಗೆ 100, ಸಕ್ಕರೆ ಪರೀಕ್ಷೆಗೆ 50 ರೂಪಾಯಿ ಹಿಡಿದರೆ, ಬಿಟ್ಟುಹೋದದ್ದು 400, 900 ಮತ್ತು 200, ಒಟ್ಟು 1,500 ರೂಪಾಯಿ. ಅದೇ ಬಿಲ್ಲಿನಲ್ಲಿ ಎಕ್ಸ್‌ರೇ 3 ಎಂದಿದ್ದು, ವರದಿ ಇರುವುದು 2ಕ್ಕೆ ಮಾತ್ರ. ಅಂದರೆ ರೋಗಿಯಿಂದ 400 ರೂಪಾಯಿ ಹೆಚ್ಚು ಪಡೆದಂತಾಯಿತು. ಒಂದನ್ನು ಇನ್ನೊಂದಕ್ಕೆ ವಜಾ ಮಾಡಿ ಮುಗಿಸುವಂತಿಲ್ಲ. ಬಿಟ್ಟದ್ದನ್ನು ಸೇರಿಸಬೇಕು, ಹೆಚ್ಚಾದದ್ದನ್ನು ತೆಗೆಯಬೇಕು. ರೋಗಿ ಮನೆಗೆ ಹೋದ ಮೇಲೆ ಬಿಟ್ಟ ಹಣ ಬರುವುದು ಕಷ್ಟ. ಆದ್ದರಿಂದ ಈ ಕೆಲಸ ಡಿಸ್ಚಾರ್ಜ್‌ಗೆ ಮುಂಚೆಯೇ ಆಗಬೇಕು.

ಇಂಥ ಸೋರಿಕೆ ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ ಮತ್ತು ತುರ್ತು ಚಿಕಿತ್ಸೆಯಲ್ಲಿ ಆಗುತ್ತದೆ. ದಾದಿ ಮೊದಲು ರೋಗಿಯನ್ನು ನೋಡುತ್ತಾರೆ, ಚೀಟಿ ಬರೆಯುವುದು ಆಮೇಲೆ. ಕೇಸ್‌ಶೀಟಿನಲ್ಲೂ ಬರೆಯದೇ ಹೋದದ್ದು ಈ ಹೋಲಿಕೆಗೆ ಸಿಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸಾ ಕೊಠಡಿಯ ರಿಜಿಸ್ಟರು, ಔಷಧ ದಾಸ್ತಾನು, ಸಿಲಿಂಡರ್ ಲೆಕ್ಕಗಳನ್ನೂ ನೋಡಬೇಕಾಗುತ್ತದೆ.

ಇಲ್ಲಿಯವರೆಗಿನ ಮಾತು ರೋಗಿಯೇ ಕೈಯಿಂದ ಹಣ ಕಟ್ಟುವ ಬಿಲ್ಲಿನದು. ಅದೇ ರೋಗಿ ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದಾಖಲಾಗಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಹಾಸಿಗೆ, ಶಸ್ತ್ರಚಿಕಿತ್ಸೆ, ಔಷಧ, ಪರೀಕ್ಷೆ ಎಲ್ಲಕ್ಕೂ ಸೇರಿ ಒಂದೇ ಪ್ಯಾಕೇಜ್ ದರ. ಆಮ್ಲಜನಕದ 900 ರೂಪಾಯಿ ಅಲ್ಲಿ ಸೋರಿಕೆಯಲ್ಲ. ಅದನ್ನು ರೋಗಿಯಿಂದ ಕೇಳಿದರೆ ಅದೇ ತಪ್ಪು. ಇಲ್ಲಿ ಆಸ್ಪತ್ರೆಗೆ ನಷ್ಟವಾಗುವುದು ಕಾಗದದ ಕೊರತೆಯಿಂದ. ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್‌ರೇ ಇಲ್ಲ, ಮೂಳೆಗೆ ಹಾಕಿದ ರಾಡಿನ ಸ್ಟಿಕ್ಕರ್ ಅಂಟಿಸಿಲ್ಲ, ದಾಖಲಾದ ದಿನಾಂಕ ಎರಡು ಕಡೆ ಬೇರೆ ಬೇರೆ ಇದೆ ಎಂದಾದರೆ ಕ್ಲೇಮ್ ತಡೆಯಲ್ಪಡುತ್ತದೆ ಅಥವಾ ತಿರಸ್ಕೃತವಾಗುತ್ತದೆ. ಚಿಕಿತ್ಸೆ ಸರಿಯಾಗಿಯೇ ನಡೆದಿದ್ದರೂ ಹಣ ಬರುವುದಿಲ್ಲ.

ಮೂರನೆಯದು ಖಾಸಗಿ ವಿಮೆ. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ 3,000 ಇದ್ದು, ಮನೆಯವರು 4,000ದ ಕೊಠಡಿ ಹಿಡಿದರೆ, 6 ದಿನಕ್ಕೆ 6,000 ಅವರದೇ ಹೊಣೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಬದಲಾಗುವ ಆಸ್ಪತ್ರೆಯಾದರೆ, ವೈದ್ಯರ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕದಲ್ಲೂ ಮುಕ್ಕಾಲು ಭಾಗವನ್ನಷ್ಟೇ ವಿಮಾ ಕಂಪನಿ ಕೊಡುತ್ತದೆ. ಆ ಶುಲ್ಕಗಳು 48,000 ಇದ್ದರೆ 12,000 ಕಡಿತ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಔಷಧ, ರಾಡು-ಪ್ಲೇಟು, ಪರೀಕ್ಷೆಗಳ ಮೇಲೆ ಈ ಪ್ರಮಾಣದ ಕಡಿತ ಮಾಡುವಂತಿಲ್ಲ. ಔಷಧದ 20,000ದಲ್ಲೂ ಕಾಲು ಭಾಗ ಕಡಿದಿದ್ದರೆ, ಆ 5,000ಕ್ಕೆ ಲಿಖಿತ ಆಕ್ಷೇಪಣೆ ಹಾಕಿ ವಾಪಸ್ ಕೇಳಬೇಕು.

ಆಗುವುದೇನೆಂದರೆ, ಮನೆಯವರು ಅಂಗಲಾಚಿದಾಗ ಆಸ್ಪತ್ರೆಯವರು ಈ 5,000ವನ್ನೂ ಸೇರಿಸಿ ‘ರಿಯಾಯಿತಿ’ ಎಂದು ಬರೆದು ಮುಗಿಸುತ್ತಾರೆ. ಆಮೇಲೆ ಅದು ದಯೆಯಿಂದ ಬಿಟ್ಟ ಹಣವೋ, ವಿಮಾ ಕಂಪನಿಯಿಂದ ಬರಬೇಕಾದ ಬಾಕಿಯೋ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ರಿಯಾಯಿತಿ ರಿಜಿಸ್ಟರಿನಲ್ಲಿ ಯಾರು, ಯಾವ ಬಾಬ್ತಿನ ಮೇಲೆ, ಏಕೆ ಬಿಟ್ಟರು ಎಂಬ ಮೂರೂ ಇರಬೇಕು. ಪ್ಯಾಕೇಜ್ ದರದಲ್ಲಿ ಮೊದಲೇ ಕಡಿಮೆ ಮಾಡಿರುವಾಗ ಕೌಂಟರಿನಲ್ಲಿ ಮತ್ತೊಮ್ಮೆ ಶೇಕಡಾ 10 ಬಿಟ್ಟಿದ್ದರೆ, ಅದೂ ಇಲ್ಲಿಯೇ ಸಿಕ್ಕಿಬೀಳುತ್ತದೆ. ಬಡ ರೋಗಿಗೆಂದು ದಾನಿಗಳು ಕೊಟ್ಟ ಹಣ ನಿಜವಾದ ಕೊರತೆಯನ್ನು ತುಂಬಬೇಕೇ ಹೊರತು ಲೆಕ್ಕದ ತಪ್ಪನ್ನಲ್ಲ.

ಕುಟುಂಬದವರು ಮಾಡಬೇಕಾದದ್ದು ಸುಲಭ. ಹಣ ಕಟ್ಟುವ ಮೊದಲು ವಿವರವಾದ ಬಿಲ್ ಕೇಳಿ ಪಡೆದು, ಎಕ್ಸ್‌ರೇ ಮತ್ತು ಪರೀಕ್ಷಾ ವರದಿಗಳನ್ನು ಎಣಿಸಿ ಹೋಲಿಸಿ. ಡಿಸ್ಚಾರ್ಜ್ ಸಾರಾಂಶ, ರಾಡಿನ ಸ್ಟಿಕ್ಕರಿನ ಪ್ರತಿ ಮತ್ತು ವಿಮಾ ಕಂಪನಿಯ ಕಡಿತದ ಪತ್ರವನ್ನು ಜೋಪಾನವಾಗಿಡಿ. ವೈದ್ಯಕೀಯ ನೆರವು ಕೇಳಿ ಬರುವಾಗ ಈ ಕಾಗದಗಳು ಜೊತೆಯಲ್ಲಿರಲಿ.