ಗ್ರಹದ ಪಟ್ಟ ಮೊದಲು ಕಳೆದುಕೊಂಡದ್ದು ಪ್ಲೂಟೊ ಅಲ್ಲ

2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಖಗೋಳ ವಿಜ್ಞಾನಿಗಳು ಮತ ಹಾಕಿ ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಇಳಿಸಿದರು. ಒಂಬತ್ತು ಗ್ರಹಗಳ ಹೆಸರನ್ನು ಬಾಯಿಪಾಠ ಮಾಡಿದ್ದವರಿಗೆ ಇದು ಅನ್ಯಾಯವೆನಿಸಿತು. ಆದರೆ ಹೀಗೆ ಪಟ್ಟ ಕಳೆದುಕೊಂಡವರಲ್ಲಿ ಪ್ಲೂಟೊ ಮೊದಲಿನದೇನಲ್ಲ. ಅದಕ್ಕೂ ಸುಮಾರು ಒಂದೂವರೆ ಶತಮಾನ ಹಿಂದೆ ಸೀರಿಸ್ ಇದೇ ದಾರಿ ಹಿಡಿದಿತ್ತು. ಗ್ರಹ ಯಾವುದು, ಕುಬ್ಜಗ್ರಹ ಯಾವುದು ಎಂದು ತಿಳಿಯಲು ಪ್ಲೂಟೊಗಿಂತ ಸೀರಿಸ್‌ನ ಕಥೆಯೇ ವಾಸಿ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ದೊಡ್ಡದೊಂದು ಖಾಲಿ ಜಾಗವಿದೆ. ಅಲ್ಲೊಂದು ಗ್ರಹ ಇರಲೇಬೇಕೆಂಬ ನಂಬಿಕೆ ಹದಿನೆಂಟನೇ ಶತಮಾನದ ಕೊನೆಯಲ್ಲಿ ಬಲವಾಗಿತ್ತು. 1801ರ ಜನವರಿ 1ರ ರಾತ್ರಿ ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜ್ಜಿಗೆ ಮಂಕಾದ ಒಂದು ಚುಕ್ಕೆ ಕಂಡಿತು. ಮುಂದಿನ ರಾತ್ರಿಗಳಲ್ಲಿ ಅದು ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತಿತ್ತು. ನಕ್ಷತ್ರವಾಗಿದ್ದರೆ ಹಾಗೆ ಸರಿಯುವುದಿಲ್ಲ. ಕೆಲವೇ ವಾರಗಳಲ್ಲಿ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಇದ್ದ ಅಷ್ಟಿಷ್ಟು ಅಳತೆಗಳಿಂದಲೇ ಕಾರ್ಲ್ ಗೌಸ್ ಎಂಬ ತರುಣ ಗಣಿತಜ್ಞ ಅದರ ಕಕ್ಷೆಯನ್ನು ಲೆಕ್ಕ ಹಾಕಿಕೊಟ್ಟ. ವರ್ಷದ ಕೊನೆಗೆ ಸೀರಿಸ್ ಮತ್ತೆ ಸಿಕ್ಕಿತು, ಹೊಸ ಗ್ರಹವೆಂದು ಪುಸ್ತಕಗಳನ್ನೂ ಸೇರಿತು.

ತೊಡಕು ಶುರುವಾದದ್ದು ಆಮೇಲೆ. 1802ರಲ್ಲಿ ಅದೇ ವಲಯದಲ್ಲಿ ಪಲ್ಲಾಸ್ ಸಿಕ್ಕಿತು, 1804ರಲ್ಲಿ ಜೂನೊ, 1807ರಲ್ಲಿ ವೆಸ್ಟಾ. 1845ರ ನಂತರವಂತೂ ಒಂದರ ಹಿಂದೊಂದು ಸಿಗತೊಡಗಿದವು. ಒಂದೇ ಓಣಿಯಲ್ಲಿ ಇಷ್ಟು ಗ್ರಹಗಳೇ? ಖಗೋಳಜ್ಞರು ಸದ್ದಿಲ್ಲದೆ ಅವನ್ನೆಲ್ಲ ಕ್ಷುದ್ರಗ್ರಹಗಳೆಂದು ಬೇರೆ ಸಾಲಿಗೆ ಸೇರಿಸಿದರು. ಸೀರಿಸ್‌ಗಾಗಿ ಯಾರೂ ಚಳವಳಿ ಹೂಡಲಿಲ್ಲ.

ಪ್ಲೂಟೊ ವಿಷಯದಲ್ಲೂ ಆದದ್ದು ಇದೇ. 1992ರಿಂದ ಈಚೆಗೆ ನೆಪ್ಚೂನ್‌ನ ಆಚೆ ಹಿಮಕಾಯಗಳು ಸಾಲುಸಾಲಾಗಿ ಪತ್ತೆಯಾದವು. 2005ರಲ್ಲಿ ಮೈಕ್ ಬ್ರೌನ್ ತಂಡ ಗುರುತಿಸಿದ ಎರಿಸ್ ಅಂತೂ ಪ್ಲೂಟೊಗಿಂತ ಸುಮಾರು ಕಾಲು ಭಾಗ ಹೆಚ್ಚು ದ್ರವ್ಯರಾಶಿಯದು. ಪ್ಲೂಟೊ ಗ್ರಹವಾದರೆ ಎರಿಸ್‌ಗೇಕೆ ಆ ಪಟ್ಟವಿಲ್ಲ? ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ವ್ಯಾಖ್ಯೆಯನ್ನು ಬರೆದಿಡಲೇಬೇಕಾಯಿತು.

ಆ ವ್ಯಾಖ್ಯೆಯಂತೆ ಗ್ರಹವು ಸೂರ್ಯನನ್ನೇ ಸುತ್ತಬೇಕು. ಬುಧನಿಗಿಂತ ದೊಡ್ಡದಾಗಿದ್ದರೂ ಗುರುವಿನ ಉಪಗ್ರಹ ಗ್ಯಾನಿಮೀಡ್ ಇಲ್ಲಿಯೇ ಹೊರಬೀಳುತ್ತದೆ. ಎರಡನೆಯದು, ತನ್ನದೇ ಗುರುತ್ವದಿಂದ ದುಂಡಗಾಗಿರಬೇಕು. ಸಣ್ಣ ಬಂಡೆಯಲ್ಲಿ ಕಲ್ಲಿನ ಗಡಸುತನ ಗೆಲ್ಲುತ್ತದೆ, ಅದು ಅಂಕುಡೊಂಕಾಗಿಯೇ ಉಳಿಯುತ್ತದೆ. ದ್ರವ್ಯರಾಶಿ ಸಾಕಷ್ಟು ಬೆಳೆದಾಗ ಗುರುತ್ವ ಗೆದ್ದು, ಉಬ್ಬುಗಳನ್ನೆಲ್ಲ ಒಳಕ್ಕೆಳೆದು ಚೆಂಡಿನ ಆಕಾರ ಕೊಡುತ್ತದೆ. ಡಾನ್ ಎಂಬ ನೌಕೆ ಈ ವ್ಯತ್ಯಾಸವನ್ನು ಹತ್ತಿರದಿಂದಲೇ ಕಂಡಿತು. 2011ರಲ್ಲಿ ಅದು ತಲುಪಿದ ವೆಸ್ಟಾ ಸುಮಾರು 525 ಕಿಲೋಮೀಟರ್ ಅಗಲದ್ದು. ಭಾರಿ ಡಿಕ್ಕಿಯೊಂದರಲ್ಲಿ ಅದರ ದಕ್ಷಿಣ ಭಾಗವೇ ಕಿತ್ತುಹೋಗಿದ್ದು, ಆ ಗಾಯ ತುಂಬಿಲ್ಲ. 2015ರಲ್ಲಿ ತಲುಪಿದ ಸೀರಿಸ್ ಸುಮಾರು 940 ಕಿಲೋಮೀಟರಿನದು, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದರೂ ದುಂಡಗಿದೆ.

ಎರಡೂ ಪರೀಕ್ಷೆಯಲ್ಲಿ ಪಾಸಾದ ಸೀರಿಸ್ ಎಡವುವುದು ಮೂರನೆಯದರಲ್ಲಿ. ಗ್ರಹವು ತನ್ನ ಕಕ್ಷೆಯ ಆಸುಪಾಸನ್ನು ತೆರವು ಮಾಡಿರಬೇಕು. ಅಂದರೆ ದಾರಿಯಲ್ಲಿ ಒಂದು ಕಲ್ಲೂ ಇರಬಾರದು ಎಂದಲ್ಲ; ಹಾಗಾದರೆ ತನ್ನ ಕಕ್ಷೆಯಲ್ಲೇ ಸಾವಿರಾರು ಕ್ಷುದ್ರಗ್ರಹಗಳನ್ನು ಇಟ್ಟುಕೊಂಡಿರುವ ಗುರುವೂ ಫೇಲಾಗುತ್ತಿತ್ತು. ಆಸುಪಾಸಿನ ಕಾಯಗಳನ್ನು ನುಂಗಿ, ಹೊರದೂಡಿ, ಇಲ್ಲವೇ ತನ್ನ ಹಿಡಿತದಲ್ಲಿಟ್ಟುಕೊಂಡು ಅಲ್ಲಿ ಯಜಮಾನಿಕೆ ನಡೆಸಬೇಕು ಎಂಬುದು ಇದರ ಅರ್ಥ. ಚಂದ್ರನನ್ನು ಬಿಟ್ಟು ತನ್ನ ವಲಯದಲ್ಲಿ ಉಳಿದಿರುವ ಎಲ್ಲದರ ಒಟ್ಟು ದ್ರವ್ಯರಾಶಿಗಿಂತ ಭೂಮಿ ಸುಮಾರು 17 ಲಕ್ಷ ಪಟ್ಟು ಹೆಚ್ಚು ಎಂದು ಸ್ಟೀವನ್ ಸೋಟರ್ ಲೆಕ್ಕ ಹಾಕಿದ್ದಾರೆ. ಸೀರಿಸ್‌ನದು ಇಡೀ ಕ್ಷುದ್ರಗ್ರಹ ಪಟ್ಟಿಯ ಮೂರನೇ ಒಂದು ಭಾಗ ಮಾತ್ರ. ದೊಡ್ಡದೇ ಹೌದು, ಯಜಮಾನನಲ್ಲ.

ಪ್ಲೂಟೊ ತನ್ನ ಕಕ್ಷೆಯನ್ನು ಹಾಯುತ್ತಿರುವಾಗ ನೆಪ್ಚೂನ್ ಮಾತ್ರ ಹೇಗೆ ಪಾಸು ಎಂದು ಪ್ಲೂಟೊ ಅಭಿಮಾನಿಗಳು ಕೇಳುವುದುಂಟು. ನೆಪ್ಚೂನ್ ಪ್ಲೂಟೊಗಿಂತ ಸುಮಾರು 8,000 ಪಟ್ಟು ಹೆಚ್ಚು ದ್ರವ್ಯರಾಶಿಯದು. ನೆಪ್ಚೂನ್ ಮೂರು ಸುತ್ತು ಮುಗಿಸುವಾಗ ಪ್ಲೂಟೊ ಸರಿಯಾಗಿ ಎರಡು ಸುತ್ತು ಹಾಕುತ್ತದೆ, ಹಾಗಾಗಿ ಅವೆಂದೂ ಹತ್ತಿರ ಬರುವುದಿಲ್ಲ. ತಾಳ ಹಾಕುತ್ತಿರುವುದು ಯಾರೆಂಬುದರಲ್ಲಿ ಸಂಶಯವಿಲ್ಲ.

ವ್ಯಾಖ್ಯೆಯಲ್ಲಿ ಹುಳುಕಿಲ್ಲವೆಂದೇನಲ್ಲ. ಎಷ್ಟು ತೆರವು ಮಾಡಿದರೆ ಸಾಕು ಎಂಬ ಅಂಕೆ ಅದರಲ್ಲಿಲ್ಲ. ಬೇರೆ ನಕ್ಷತ್ರಗಳ ಸುತ್ತಲಿನ ಗ್ರಹಗಳಿಗೆ ಅದು ಅನ್ವಯಿಸುವುದೂ ಇಲ್ಲ. ಒಂದು ಕಾಯ ಏನೆಂಬುದನ್ನು ನೋಡಬೇಕೇ ಹೊರತು ಎಲ್ಲಿದೆ ಎಂಬುದನ್ನಲ್ಲ ಎಂದು ಪ್ಲೂಟೊಗೆ ನೌಕೆ ಕಳಿಸಿದ ಯೋಜನೆಯ ಮುಖ್ಯಸ್ಥ ಅಲನ್ ಸ್ಟರ್ನ್ ಇಂದಿಗೂ ವಾದಿಸುತ್ತಾರೆ. ಇನ್ನೊಂದು ಕಷ್ಟವೂ ಇದೆ: ಬಹುದೂರದ ಕಾಯಗಳು ದೂರದರ್ಶಕದಲ್ಲಿ ಬರೀ ಚುಕ್ಕೆಗಳು, ಅವು ದುಂಡಗಿವೆಯೇ ಎಂದು ಹೇಳುವುದು ಸುಲಭವಲ್ಲ. ಸೀರಿಸ್, ಪ್ಲೂಟೊ, ಎರಿಸ್, ಹೌಮಿಯಾ, ಮಾಕೆಮಾಕೆ ಈ ಐದನ್ನಷ್ಟೇ ಒಕ್ಕೂಟ ಕುಬ್ಜಗ್ರಹಗಳೆಂದು ಒಪ್ಪಿದೆ. 2008ರಲ್ಲಿ ಕೊನೆಯ ಎರಡು ಸೇರಿದ ಮೇಲೆ ಆ ಪಟ್ಟಿ ಬೆಳೆದಿಲ್ಲ.