ಮಾಸಿಕ ಶುಶ್ರೂಷಾ ಮಾರ್ಗದರ್ಶನ: ಭೇಟಿಯ ಏರ್ಪಾಡು ಮತ್ತು ಶುಶ್ರೂಷಕಿಯರ ಪೂರ್ವಸಿದ್ಧತೆ

ದಿನದ 24 ಗಂಟೆಯೂ ಹೆರಿಗೆ ಸೇವೆ ನೀಡುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಾತ್ರಿ ಪಾಳಿಯ ಶುಶ್ರೂಷಕಿಯು ಬಹುಮಟ್ಟಿಗೆ ಒಬ್ಬರೇ ಇರುತ್ತಾರೆ. ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳ ಒಳಗ್ರಾಮಗಳಿಂದ ರಾಯಚೂರು ನಗರದ ಬೋಧಕ ಆಸ್ಪತ್ರೆಗೆ ಒಂದು ಗಂಟೆಗೂ ಹೆಚ್ಚಿನ ದಾರಿ ಇರುವುದರಿಂದ, ಮೊದಲ ನಿರ್ಧಾರವನ್ನೂ ಮೊದಲ ಚುಚ್ಚುಮದ್ದನ್ನೂ ಅವರೇ ಕೈಗೊಳ್ಳಬೇಕಾಗುತ್ತದೆ. ಇಂತಹ ಶುಶ್ರೂಷಕಿಯರನ್ನು ನಗರಕ್ಕೆ ಕರೆಸಿ ತರಬೇತಿ ನೀಡುವ ಬದಲು, ಅನುಭವಿ ಶುಶ್ರೂಷಕಿಯೊಬ್ಬರು ಕೇಂದ್ರಕ್ಕೇ ತೆರಳಿ ಅವರೊಡನೆ ಕುಳಿತು ಕೆಲಸವನ್ನು ಪರಿಶೀಲಿಸುವ ಕ್ರಮವನ್ನು ಉತ್ತರ ಕರ್ನಾಟಕದಲ್ಲಿ ಸುಕ್ಷೇಮ ಯೋಜನೆಯು ರೂಢಿಗೆ ತಂದಿತು. ಈ ಕ್ರಮವನ್ನು ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ ಕೇಂದ್ರಗಳಲ್ಲಿ 2012–13ರ ಅವಧಿಯಲ್ಲಿ ಮೊದಲು ಪರೀಕ್ಷಿಸಲಾಯಿತು. ಯೋಜನೆಯ ವ್ಯಾಪ್ತಿಯಲ್ಲಿದ್ದ ಎಂಟು ಜಿಲ್ಲೆಗಳಲ್ಲಿ ರಾಯಚೂರು ಸಹ ಒಂದು.

ಆ ಅನುಭವದ ಆಧಾರದ ಮೇಲೆ ಮಾಸಿಕ ಭೇಟಿಯನ್ನು ಹೇಗೆ ಏರ್ಪಡಿಸಬೇಕು ಮತ್ತು ಭೇಟಿಗೆ ಮುನ್ನ ಶುಶ್ರೂಷಕಿಗೆ ಏನನ್ನು ಸಿದ್ಧವಾಗಿಡಲು ತಿಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಿನದ ನಿಗದಿ

ಭೇಟಿಗಳ ನಡುವಿನ ಅಂತರವು ಒಂದು ತಿಂಗಳನ್ನು ಮೀರಬಾರದು. ಇದಕ್ಕೆ ಕಾರಣ ಸರಳವಾದುದು. ಕೇಸ್ ಶೀಟಿನಲ್ಲಿ ಬರೆದಿರುವುದು ಕಾಗದದಲ್ಲಿ ಉಳಿಯುತ್ತದೆ, ಆದರೆ ಬರೆಯದೆ ಬಿಟ್ಟಿರುವುದು ಶುಶ್ರೂಷಕಿಯ ನೆನಪಿನಲ್ಲಿ ಮಾತ್ರ ಇರುತ್ತದೆ. ಎರಡು ತಿಂಗಳ ಹಿಂದಿನ ಹೆರಿಗೆಯ ಬಗ್ಗೆ ಕೇಳಿದರೆ ದೊರೆಯುವುದು ಊಹೆಯೇ ಹೊರತು ನೆನಪಲ್ಲ.

ದಿನವನ್ನು ಆರಿಸುವಾಗ ಕೇಂದ್ರದ ದಿನಚರಿಯನ್ನು ಗಮನಿಸತಕ್ಕದ್ದು. ಗುರುವಾರ ಲಸಿಕಾ ದಿನವಾಗಿರುತ್ತದೆ. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆಯ ದಟ್ಟಣೆ ಇರುತ್ತದೆ. ತಿಂಗಳ ಕೊನೆಯ ದಿನಗಳು ವರದಿ ಬರೆಯುವುದಕ್ಕೆ ಸಲ್ಲುತ್ತವೆ. ಸ್ಥಳೀಯ ಸಂತೆಯ ದಿನ ಹೊರರೋಗಿಗಳ ಸಾಲು ಉದ್ದವಾಗಿರುತ್ತದೆ. ಇವೆಲ್ಲವನ್ನೂ ಬಿಟ್ಟು ತಿಂಗಳ ಮೂರನೆಯ ವಾರದ ಒಂದು ಮಂಗಳವಾರವನ್ನು ವರ್ಷಪೂರ್ತಿ ಕಾಯ್ದಿರಿಸುವುದು ಅನುಕೂಲಕರ. ರಾತ್ರಿ ಪಾಳಿ ಮುಗಿಸಿದವರನ್ನು ಮನೆಗೆ ಹೋಗಗೊಡದೆ ಕೂರಿಸಿಕೊಂಡ ಭೇಟಿಯಿಂದ ಪ್ರಯೋಜನವಾಗುವುದಿಲ್ಲ. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಸೇರುವಂತೆ ಮಾಡಿದಲ್ಲಿ ಇಬ್ಬರು ಶುಶ್ರೂಷಕಿಯರು ಏಕಕಾಲಕ್ಕೆ ದೊರೆಯುತ್ತಾರೆ. ಹೆರಿಗೆಗೆ ಯಾರಾದರೂ ಬಂದರೂ ಒಬ್ಬರು ಅತ್ತ ಹೋಗಬಹುದು. ಮೂರನೆಯವರಿಗೆ ಮುಂದಿನ ತಿಂಗಳು ಸರದಿ ಬರುವಂತೆ ಪಾಳಿಪಟ್ಟಿಯನ್ನು ವೈದ್ಯಾಧಿಕಾರಿಗಳೊಡನೆ ಮೊದಲೇ ಹೊಂದಿಸಿಕೊಳ್ಳತಕ್ಕದ್ದು.

ಮುಂಗಡ ಪತ್ರ

ಭೇಟಿಗೆ ಏಳು ದಿನ ಮೊದಲು ಒಂದು ಚಿಕ್ಕ ಪತ್ರವನ್ನು ಕಳುಹಿಸತಕ್ಕದ್ದು. ಅದರಲ್ಲಿ ನಾಲ್ಕು ಸಂಗತಿಗಳಿದ್ದರೆ ಸಾಕು. ಪತ್ರ ಈ ಮಾದರಿಯಲ್ಲಿರಬಹುದು:

“ಮಾನ್ಯರೇ, ಬರುವ ಮಂಗಳವಾರ ಮಧ್ಯಾಹ್ನ 1 ಗಂಟೆಗೆ ತಮ್ಮ ಕೇಂದ್ರಕ್ಕೆ ಬರುವೆನು. ಕಳೆದ ಭೇಟಿಯ ನಂತರದ ಎಲ್ಲ ಹೆರಿಗೆಗಳ ಕೇಸ್ ಶೀಟುಗಳನ್ನು ಹೆರಿಗೆ ವಹಿಯ ಕ್ರಮಸಂಖ್ಯೆಯಂತೆ ಜೋಡಿಸಿಡಿ, ಹೊಸದಾಗಿ ಏನನ್ನೂ ತುಂಬಬೇಡಿ. ಬೇರೆ ಆಸ್ಪತ್ರೆಗೆ ಕಳುಹಿಸಿದ ಪ್ರಕರಣಗಳ ವಹಿ ಸಂಖ್ಯೆ, ದಿನಾಂಕ ಹಾಗೂ ಕಳುಹಿಸಿದ ಸ್ಥಳವನ್ನು ಶುಕ್ರವಾರದೊಳಗೆ ನನಗೆ ತಿಳಿಸಿ. ತಮ್ಮ ಮನಸ್ಸಿನಲ್ಲಿ ಉಳಿದುಹೋದ ಒಂದು ಹೆರಿಗೆಯನ್ನು ಆರಿಸಿಕೊಳ್ಳಿ, ಬರೆದಿಡುವುದು ಬೇಡ, ಹೇಳಿದರೆ ಸಾಕು. ಕಳೆದ ಸಲ ಒಪ್ಪಿಕೊಂಡ ಕೆಲಸಗಳಲ್ಲಿ ಆಗದೆ ಉಳಿದವುಗಳ ಮುಂದೆ ಕಾರಣವನ್ನು ಗುರುತು ಮಾಡಿಡಿ.”

ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಉದ್ದೇಶವಿದೆ. ಶೀಟುಗಳನ್ನು ಪರಿಶೀಲನೆಗೆ ಆರಿಸುವ ನಿಯಮವನ್ನು ಶುಶ್ರೂಷಕಿಗೆ ಹೇಳಬೇಕು, ಆದರೆ ಸಂಖ್ಯೆಗಳನ್ನು ಮೊದಲೇ ಹೇಳಬಾರದು. ಐದು ಶೀಟುಗಳನ್ನು ತೆಗೆದಿಡಿ ಎಂದು ಬರೆದರೆ ಅತ್ಯುತ್ತಮವಾದ ಐದು ಬರುತ್ತವೆ. ಇಂತಿಷ್ಟನೆಯ ಶೀಟುಗಳು ಬೇಕು ಎಂದು ಬರೆದರೆ ಖಾಲಿ ಅಂಕಣಗಳು ಆ ವಾರದಲ್ಲೇ ತುಂಬಿಕೊಳ್ಳುತ್ತವೆ. ಎಲ್ಲವನ್ನೂ ಜೋಡಿಸಿಟ್ಟು, ಮೇಜಿನ ಮುಂದೆ ಕುಳಿತ ಮೇಲೆ ಪ್ರತಿ ನಾಲ್ಕನೆಯದನ್ನು ತೆಗೆಯುವುದು ಇಬ್ಬರಿಗೂ ನ್ಯಾಯಯುತ.

ಕಳುಹಿಸಿಕೊಟ್ಟ ಪ್ರಕರಣಗಳ ಪಟ್ಟಿಯನ್ನು ಮುಂಚಿತವಾಗಿ ಕೇಳುವುದು ಅತ್ಯಂತ ಮುಖ್ಯವಾದುದು. 108 ಆಂಬ್ಯುಲೆನ್ಸ್ ಕೇಂದ್ರದ ಗೇಟು ದಾಟಿದ ನಂತರ ಆ ತಾಯಿಗೆ ಏನಾಯಿತೆಂಬುದು ಶುಶ್ರೂಷಕಿಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಮಾರ್ಗದರ್ಶಕಿಯು ಸೋಮವಾರದಂದು ರಾಯಚೂರಿನ ಬೋಧಕ ಆಸ್ಪತ್ರೆ ಅಥವಾ ಸಂಬಂಧಿಸಿದ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ದಾಖಲೆಗಳನ್ನು ಹುಡುಕಿ, ಫಲಿತಾಂಶವನ್ನು ತಿಳಿದುಕೊಂಡು ಬರಬಹುದು. ವಹಿ ಸಂಖ್ಯೆ ಮತ್ತು ದಿನಾಂಕ ಮಾತ್ರ ಸಾಕಾಗುವುದರಿಂದ ಹೆಸರುಳ್ಳ ಪುಟಗಳ ಚಿತ್ರ ತೆಗೆದು ಮೊಬೈಲ್ ಮೂಲಕ ಕಳುಹಿಸಕೂಡದು. ಹೆಸರಿನೊಡನೆ ತಾಳೆ ನೋಡಬೇಕಾದಲ್ಲಿ ದೂರವಾಣಿಯಲ್ಲಿ ಕೇಳಿಕೊಳ್ಳಬಹುದು.

ಮನಸ್ಸಿನಲ್ಲಿ ಉಳಿದ ಹೆರಿಗೆಯನ್ನು ಬರೆದುಕೊಡಿ ಎಂದರೆ ಅದು ವಿವರಣೆ ಕೇಳಿದ ನೋಟಿಸಿಗೆ ನೀಡಿದ ಉತ್ತರದಂತಾಗುತ್ತದೆ. ಆದುದರಿಂದ ಬಾಯಿಮಾತೇ ಲೇಸು.

ಒಂದು ಉದಾಹರಣೆ

ಮಾನ್ವಿ ತಾಲ್ಲೂಕಿನ ಒಂದು ಕೇಂದ್ರದಲ್ಲಿ ತಿಂಗಳಿಗೆ 22 ಹೆರಿಗೆಗಳಾಗಿವೆ, ಮೂವರನ್ನು ಬೇರೆಡೆಗೆ ಕಳುಹಿಸಲಾಗಿದೆ ಎಂದು ಭಾವಿಸೋಣ. ಮಾರ್ಗದರ್ಶಕಿಯು 4, 8, 12, 16 ಮತ್ತು 20ನೆಯ ಶೀಟುಗಳನ್ನೂ ಕಳುಹಿಸಿದ ಮೂವರ ಶೀಟುಗಳನ್ನೂ ಎತ್ತಿಕೊಳ್ಳುತ್ತಾರೆ. ಐದರಲ್ಲಿ ನಾಲ್ಕು ಶೀಟುಗಳಲ್ಲಿ ರಕ್ತದೊತ್ತಡ 120/80, ದೇಹದ ಉಷ್ಣತೆ 98.6 ಎಂದಿದೆ. ಪಾರ್ಟೋಗ್ರಾಫ್‌ನಲ್ಲಿ ಗರ್ಭಕಂಠದ ಹಿಗ್ಗುವಿಕೆಯನ್ನು ತೋರಿಸುವ ಗುರುತುಗಳು ಅಳತೆಗೋಲಿಟ್ಟು ಎಳೆದಂತೆ ನೇರವಾಗಿವೆ, ಎಲ್ಲವೂ ಒಂದೇ ಪೆನ್ನಿನವು. ಅಂದರೆ ಅವನ್ನು ಹೆರಿಗೆಯಾದ ನಂತರ ಬರೆಯಲಾಗಿದೆ. ನಾಲ್ಕು ಸೆಂ.ಮೀ. ಹಿಗ್ಗಿದಾಗ ಬಂದ ತಾಯಿಯ ನಿಜವಾದ ಗೆರೆಯು ಅಲ್ಲಲ್ಲಿ ಬಾಗಿರುತ್ತದೆ, ಪಾಳಿ ಬದಲಾದಲ್ಲಿ ಕೈಬರಹವೂ ಬದಲಾಗಿರುತ್ತದೆ.

ಇಲ್ಲಿ ಮಾರ್ಗದರ್ಶಕಿಯು ತಪ್ಪನ್ನು ಎತ್ತಿ ಆಡಿದರೆ ಮುಂದಿನ ತಿಂಗಳು ಶೀಟುಗಳು ಇನ್ನಷ್ಟು ಅಂದವಾಗುತ್ತವೆ, ಅಷ್ಟೆ. ಅದರ ಬದಲು ಇಬ್ಬರೂ ಹೆರಿಗೆ ಕೊಠಡಿಗೆ ಹೋಗಿ, ಅಲ್ಲಿಯ ಉಪಕರಣದಿಂದಲೇ ಪರಸ್ಪರರ ರಕ್ತದೊತ್ತಡವನ್ನು ನೋಡುವುದು ಸೂಕ್ತ. ಈ ಉದಾಹರಣೆಯಲ್ಲಿ ತೋಳುಪಟ್ಟಿ ಗಾಳಿಯನ್ನು ಹಿಡಿದಿಡುವುದಿಲ್ಲ, ಪಾದರಸ ತಾನಾಗಿಯೇ ಇಳಿದುಹೋಗುತ್ತದೆ. 120/80 ಎಲ್ಲಿಂದ ಬಂತೆಂಬುದಕ್ಕೆ ಅದೇ ಉತ್ತರ.

ಅನಂತರ ಶುಶ್ರೂಷಕಿಯು ತಾವು ಆರಿಸಿಕೊಂಡ ಪ್ರಕರಣವನ್ನು ಹೇಳುತ್ತಾರೆ. ಹೆರಿಗೆಗಾಗಿ ತವರಿಗೆ ಬಂದಿದ್ದ ಚೊಚ್ಚಲ ಗರ್ಭಿಣಿಯು ರಾತ್ರಿ 9.30ಕ್ಕೆ ದಾಖಲಾಗಿದ್ದಾರೆ. ರಕ್ತದೊತ್ತಡ 150/100 ಬಂದಿದೆ. ಮೂತ್ರದಲ್ಲಿನ ಪ್ರೋಟೀನ್ ಅಂಕಣ ಖಾಲಿ. ಬೆಳಗಿನ ಜಾವ 3.30ಕ್ಕೆ ತೀವ್ರ ತಲೆನೋವು ಬಂದಾಗ ಮತ್ತೆ ನೋಡಿದರೆ 170/110. ಒಡನೆಯೇ 108ಕ್ಕೆ ಕರೆ ಮಾಡಿ ರಾಯಚೂರಿಗೆ ಕಳುಹಿಸಲಾಗಿದೆ, ಆದರೆ ಮೆಗ್ನೀಸಿಯಂ ಸಲ್ಫೇಟ್ ನೀಡಿಲ್ಲ. ಮಾರ್ಗದರ್ಶಕಿಯು ಹಿಂದಿನ ದಿನ ತಿಳಿದು ಬಂದ ಸುದ್ದಿಯನ್ನು ಆಗ ಹೇಳುತ್ತಾರೆ: ದಾರಿಯಲ್ಲೇ ಆ ತಾಯಿಗೆ ಫಿಟ್ಸ್ ಬಂದಿತ್ತು, ಚಿಕಿತ್ಸೆಯ ನಂತರ ತಾಯಿ ಮಗು ಇಬ್ಬರೂ ಮನೆಗೆ ಮರಳಿದ್ದಾರೆ.

ಆರು ಗಂಟೆಗಳ ಕಾಲ ಏಕೆ ಕಾಯಲಾಯಿತು ಎಂಬ ಪ್ರಶ್ನೆಗೆ ಉತ್ತರ ಮೂರು ತುಂಡುಗಳಾಗಿ ಹೊರಬರುತ್ತದೆ. ಉಪಕರಣ ಸರಿಯಿಲ್ಲವೆಂದು ಗೊತ್ತಿದ್ದುದರಿಂದ ಶುಶ್ರೂಷಕಿಯು 150/100 ಎಂಬ ಅಳತೆಯನ್ನೇ ನಂಬಿರಲಿಲ್ಲ. ಮೂತ್ರ ಪರೀಕ್ಷೆಯ ಪಟ್ಟಿಗಳು ಪ್ರಯೋಗಾಲಯದ ಕಪಾಟಿನಲ್ಲಿದ್ದವು, ಸಂಜೆಯ ನಂತರ ಅದರ ಬೀಗದ ಕೈ ಕೇಂದ್ರದಲ್ಲಿರುವುದಿಲ್ಲ. ತುರ್ತು ತಟ್ಟೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್‌ನ ನಾಲ್ಕೇ ಆಂಪೂಲ್‌ಗಳಿದ್ದವು, “ದಾಸ್ತಾನು ಇದೆ” ಎಂದು ವಹಿಯಲ್ಲಿ ಬರೆದಿತ್ತು. ಶೇ. 50ರ ದ್ರಾವಣದ 2 ಮಿ.ಲೀ. ಆಂಪೂಲ್ ಒಂದರಲ್ಲಿ 1 ಗ್ರಾಂ ಔಷಧ ಮಾತ್ರ ಇರುತ್ತದೆ. ಕಳುಹಿಸುವ ಮುನ್ನ ನೀಡಬೇಕಾದ ಮೊದಲ ಪ್ರಮಾಣವು ಪ್ರತಿ ಪೃಷ್ಠಕ್ಕೆ 5 ಗ್ರಾಂನಂತೆ ಒಟ್ಟು 10 ಗ್ರಾಂ. ಒಬ್ಬ ತಾಯಿಗೆ ಹತ್ತು ಆಂಪೂಲ್ ಬೇಕು. ನಾಲ್ಕಿದ್ದರೆ ದಾಸ್ತಾನು ಇದ್ದಂತಲ್ಲ.

ಶುಶ್ರೂಷಕಿಗೆ ತಿಳಿವಳಿಕೆಯ ಕೊರತೆಯಿದೆ ಎಂದು ಭಾವಿಸಿ ಗರ್ಭಿಣಿಯರ ಏರು ರಕ್ತದೊತ್ತಡದ ಬಗ್ಗೆ ಒಂದು ಗಂಟೆಯ ಉಪನ್ಯಾಸ ನೀಡಿದ್ದರೆ ಈ ಮೂರರಲ್ಲಿ ಒಂದೂ ಹೊರಬರುತ್ತಿರಲಿಲ್ಲ.

ಮುಂದಿನ ತಿಂಗಳ ಸಿದ್ಧತೆ

ಭೇಟಿಯ ಕೊನೆಯಲ್ಲಿ ಒಪ್ಪಿಕೊಳ್ಳುವ ಕೆಲಸಗಳು ಮೂರನ್ನು ಮೀರಬಾರದು. ಶುಶ್ರೂಷಕಿಯ ಕೈಯಲ್ಲಿರುವುದನ್ನೂ ಇತರರ ಕೈಯಲ್ಲಿರುವುದನ್ನೂ ಪ್ರತ್ಯೇಕವಾಗಿ ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ ಪರೀಕ್ಷಾ ಪಟ್ಟಿಗಳ ಒಂದು ಡಬ್ಬಿಯನ್ನು ಹೆರಿಗೆ ಕೊಠಡಿಯಲ್ಲೇ ಇಡುವುದು, ಹತ್ತು ಆಂಪೂಲ್ ಮತ್ತು 10 ಮಿ.ಲೀ.ನ ಎರಡು ಸಿರಿಂಜುಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿಡುವುದು ಶುಶ್ರೂಷಕಿಯ ಕೆಲಸ. ಹೊಸ ತೋಳುಪಟ್ಟಿಯ ಖರೀದಿ ವೈದ್ಯಾಧಿಕಾರಿಗಳದ್ದು, ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಅದನ್ನು ಕೊಳ್ಳಬಹುದು. ಮಾರ್ಗದರ್ಶಕಿಯು ಅಂದೇ ಅವರನ್ನು ಕಂಡು ಲಿಖಿತವಾಗಿ ಕೋರತಕ್ಕದ್ದು. ಅದು ಬಾರದೆ ಹೋದಲ್ಲಿ ಶುಶ್ರೂಷಕಿಯನ್ನು ಕೇಳಿ ಪ್ರಯೋಜನವಿಲ್ಲ. ಅಂತೆಯೇ, ಮೂರು ಹುದ್ದೆಗಳಲ್ಲಿ ಎರಡು ಖಾಲಿಯಿರುವ ಕೇಂದ್ರದಲ್ಲಿ ಎಷ್ಟು ಭೇಟಿಗಳಿತ್ತರೂ ಪಾರ್ಟೋಗ್ರಾಫ್ ಹೊತ್ತುಹೊತ್ತಿಗೆ ತುಂಬುವುದಿಲ್ಲ. ಅದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರುವುದೊಂದೇ ದಾರಿ.

ಮುಂದಿನ ಮುಂಗಡ ಪತ್ರವು ಈ ಒಪ್ಪಂದದಿಂದಲೇ ಹುಟ್ಟುತ್ತದೆ. ಎಂದಿನ ನಾಲ್ಕು ಸಂಗತಿಗಳೊಡನೆ, 140/90 ಅಥವಾ ಅದಕ್ಕೂ ಹೆಚ್ಚು ಒತ್ತಡ ದಾಖಲಾದ ಪ್ರತಿ ತಾಯಿಯ ಶೀಟನ್ನು ಬೇರೆಯಾಗಿ ತೆಗೆದಿಡುವಂತೆ ಅದರಲ್ಲಿ ತಿಳಿಸಲಾಗುವುದು. ಅವಧಿ ಮೀರಿದ ಹತ್ತು ಆಂಪೂಲ್‌ಗಳಿದ್ದಲ್ಲಿ ಅವನ್ನು ಗುರುತು ಹಾಕಿ ಅಭ್ಯಾಸಕ್ಕಾಗಿ ಉಳಿಸಿಕೊಳ್ಳಲು ಸಹ ಸೂಚಿಸಬಹುದು. ಭೇಟಿಯ ದಿನ ಗಡಿಯಾರ ನೋಡಿಕೊಂಡು ಹತ್ತನ್ನೂ ಒಡೆದು ಎರಡು ಸಿರಿಂಜುಗಳಿಗೆ ತುಂಬಿಸಿದಾಗ, ಆ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆಂಬುದು ಇಬ್ಬರಿಗೂ ತಿಳಿಯುತ್ತದೆ. ಆಂಬ್ಯುಲೆನ್ಸ್‌ಗೆ ಕರೆ ಮಾಡುವವರು ಯಾರು, ಆಂಪೂಲ್ ಒಡೆಯುವವರು ಯಾರು ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ. ರಾತ್ರಿ ಪಾಳಿಯಲ್ಲಿ ಜೊತೆಗಿರುವ ಗ್ರೂಪ್ ‘ಡಿ’ ನೌಕರರನ್ನು ಆ ಅಭ್ಯಾಸಕ್ಕೆ ಕರೆದುಕೊಳ್ಳತಕ್ಕದ್ದು.