ಅರ್ಧ ಹರಿದ ಫೋಟೋದಲ್ಲಿ ಪೂರ್ಣ ಗೊಮ್ಮಟ

ಅನೇಕ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ಶ್ರವಣಬೆಳಗೊಳದ ಗೊಮ್ಮಟನ ಒಂದು ಫೋಟೋ ಇರುತ್ತದೆ. ತೇವಕ್ಕೆ ಹಾಳೆಗೆ ಅಂಟಿಕೊಂಡು ಅರ್ಧ ಹರಿದು ಹೋಗಿರುವುದೂ ಉಂಟು. ಅಂಥ ಫೋಟೋದ ಉಳಿದ ಭಾಗವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ, ಹೋದ ಭಾಗದ ಜಾಗಕ್ಕೆ ಕೂರಿಸಬಹುದು. ಈ ಕೆಲಸಕ್ಕೆ ಗೊಮ್ಮಟನಷ್ಟು ಒದಗುವ ವಿಗ್ರಹ ಅಪರೂಪ. ಕಾಯೋತ್ಸರ್ಗದಲ್ಲಿ ನೇರವಾಗಿ ನಿಂತಿದ್ದಾನೆ, ತೋಳುಗಳು ಎರಡೂ ಬದಿಗೆ ಇಳಿಬಿದ್ದಿವೆ, ಕಾಲು ತೋಳುಗಳಿಗೆ ಎರಡೂ ಕಡೆ ಬಳ್ಳಿ ಹಬ್ಬಿದೆ.

ಒಂದು ಉದಾಹರಣೆ ನೋಡೋಣ. ನಾಲ್ಕು ಅಂಗುಲ ಅಗಲ, ಆರು ಅಂಗುಲ ಎತ್ತರದ ಪ್ರಿಂಟು. ನೋಡುವವರ ಬಲಗಡೆಯ ಭಾಗ, ಅಂದರೆ ಗೊಮ್ಮಟನ ಎಡಭಾಗ, ಹರಿದು ಹೋಗಿದೆ. ಅಂಗುಲಕ್ಕೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 2400 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತದೆ. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶ ಇದಕ್ಕೆ ಸಾಕು. ಚಿತ್ರದ ಪದರವನ್ನು ಇನ್ನೊಂದು ಪ್ರತಿ ಮಾಡಿಕೊಂಡು Layer → Transform → Flip Horizontally ಒತ್ತಿದರೆ ಅದು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಇಷ್ಟು ಒಂದು ನಿಮಿಷದ ಕೆಲಸ. ಕಷ್ಟ ಇರುವುದು ನಡುಗೆರೆ ಹಿಡಿಯುವುದರಲ್ಲಿ.

ನಡುಗೆರೆ ಎಂದರೆ ಮೂಗಿನ ತುದಿ, ಗದ್ದದ ನಡು, ಹೊಕ್ಕುಳು, ಎರಡು ಪಾದಗಳ ನಡುವಿನ ಸಂದು, ಇವುಗಳ ಮೂಲಕ ಹಾಯುವ ಗೆರೆ. ಮೊದಲು ಚಿತ್ರವನ್ನು ಓರೆಯಿಲ್ಲದಂತೆ ತಿರುಗಿಸಿ ಈ ಗೆರೆಯನ್ನು ನೆಟ್ಟಗೆ ತರಬೇಕು. ಅದು 1310ನೇ ಪಿಕ್ಸೆಲ್‌ನಲ್ಲಿ ಬಿತ್ತು ಎನ್ನಿ. 1100ರಲ್ಲಿರುವ ಕಣ್ಣಿನ ಮೂಲೆ ಗೆರೆಯಿಂದ 210 ಪಿಕ್ಸೆಲ್ ಈಚೆಗಿದೆ. ಅದರ ಜೋಡಿ 210 ಪಿಕ್ಸೆಲ್ ಆಚೆಗೆ, 1520ರಲ್ಲಿ ಬರಬೇಕು. ಗೆರೆಯನ್ನು ಐದು ಪಿಕ್ಸೆಲ್ ತಪ್ಪಿಸಿದರೆ ಜೋಡಿ ಹತ್ತು ಪಿಕ್ಸೆಲ್ ಸರಿಯುತ್ತದೆ. ಗೆರೆ ಆಚೆ ಹೋದರೆ ಮುಖ ಅಗಲವಾಗುತ್ತದೆ, ಈಚೆ ಬಂದರೆ ಕಿರಿದಾಗುತ್ತದೆ, ತುಟಿಯ ನಡು ಕೆಡುತ್ತದೆ.

ಹಾಗಾಗಿ ಹರಿದ ಅಂಚು ನಡುಗೆರೆಯನ್ನು ದಾಟಿ ಸ್ವಲ್ಪವಾದರೂ ಆಚೆಗಿದ್ದರೆ ಅದೃಷ್ಟ. ಆ ಕಡೆ ಉಳಿದ ಮೂಗಿನ ಹೊಳ್ಳೆ, ತುಟಿಯ ಚೂರು, ಎದೆಯ ಒಂದು ಪಟ್ಟಿಯೇ ನಮಗೆ ಸಾಕ್ಷಿ. ತಿರುಗಿಸಿದ ಪದರದ ಮೋಡನ್ನು Difference ಎಂದು ಇಟ್ಟರೆ ಎರಡು ಚಿತ್ರ ಕೂಡಿದ ಕಡೆ ಕಪ್ಪಾಗಿ, ಕೂಡದ ಕಡೆ ಬೆಳ್ಳಗಿನ ಅಂಚುಗಳಾಗಿ ಕಾಣುತ್ತದೆ. ಆ ಅಂಚುಗಳು ಅತಿ ತೆಳುವಾಗುವವರೆಗೆ ಪದರವನ್ನು ಸರಿಸಬೇಕು. ಆಮೇಲೆ ಮೋಡನ್ನು ಮೊದಲಿನಂತೆ ಮಾಡಿ, ಮೃದುವಾದ ಕುಂಚದಿಂದ ಮಾಸ್ಕ್ ಹಾಕಿ ಬೆಸುಗೆ ಕಾಣದಂತೆ ಬೆರೆಸಬೇಕು. ಎಷ್ಟು ಸರಿಸಿದರೂ ಕೂಡದಿದ್ದರೆ ಫೋಟೋಗ್ರಾಫರ್ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತಿದ್ದಾರೆಂದು ತಿಳಿಯಬೇಕು. ಮೂಗಿನ ತುದಿ, ಗದ್ದ ಮತ್ತು ಹೊಕ್ಕುಳಿನ ಗೆರೆ ಬಿಟ್ಟು ಒಂದು ಪಕ್ಕಕ್ಕೆ ವಾಲಿರುವುದೇ ಇದರ ಗುರುತು. ಅಂಥ ಫೋಟೋದಲ್ಲಿ ಎರಡು ಭುಜಗಳ ಅಗಲ ಬೇರೆಬೇರೆಯಾಗಿರುತ್ತದೆ, ಕನ್ನಡಿ ಉಪಾಯ ನಡೆಯುವುದಿಲ್ಲ.

ಆಕಾರ ಕೂಡಿದ ಮೇಲೂ ಬೆಳಕು ಕೈಕೊಡುತ್ತದೆ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಬೆಳಗಿನ ಬಿಸಿಲು ಅವನ ಬಲಭಾಗಕ್ಕೆ ಬೀಳುತ್ತದೆ, ಎಡಭಾಗ ನೆರಳಲ್ಲಿರುತ್ತದೆ. ಬೆಳಗಿದ ಭಾಗವನ್ನೇ ತಿರುಗಿಸಿ ಕೂರಿಸಿದರೆ ಎರಡು ಸೂರ್ಯ ಹುಟ್ಟಿದಂತೆ ಕಾಣುತ್ತದೆ. ಇಲ್ಲಿಯೂ ಆಚೆ ಉಳಿದ ಆ ಪಟ್ಟಿಯೇ ದಾರಿ ತೋರಿಸುತ್ತದೆ. ಅದರ ನೆರಳಿನಷ್ಟು ಕಪ್ಪಾಗುವಂತೆ ಹೊಸ ಭಾಗವನ್ನು Curves ಬಳಸಿ ತಗ್ಗಿಸಬೇಕು.

ಇನ್ನು ಶಿಲ್ಪದಲ್ಲಿಯೇ ಇರುವ ವ್ಯತ್ಯಾಸಗಳು. ಗೊಮ್ಮಟನ ಬಲಪಾದದ ಪಕ್ಕ ಚಾವುಂಡರಾಯ ಮಾಡಿಸಿದನೆಂಬ ಕನ್ನಡ ಬರಹವಿದೆ. ಎಡಪಾದದ ಕಡೆ ಇರುವುದು ನಾಗರಿ ಲಿಪಿಯ ಮರಾಠಿ. ಕುರುಡಾಗಿ ತಿರುಗಿಸಿದರೆ ನಾಗರಿ ಇರಬೇಕಾದಲ್ಲಿ ಉಲ್ಟಾ ಕನ್ನಡ ಬಂದು ಕೂರುತ್ತದೆ. ಎಡಗೈಯ ತೋರುಬೆರಳು ಬಲಗೈಯದಕ್ಕಿಂತ ಗಿಡ್ಡ. ಕನ್ನಡಿ ಪ್ರತಿಯಲ್ಲಿ ಅದೂ ಉದ್ದವಾಗಿಬಿಡುತ್ತದೆ. ಇಂಥ ಜಾಗಗಳನ್ನು ಇಂದಿನ ಫೋಟೋ ಎದುರಿಗಿಟ್ಟುಕೊಂಡು ತಿದ್ದಬೇಕು, ಇಲ್ಲವೇ ಖಾಲಿ ಬಿಡಬೇಕು. ಹಂಪಿಯ ಲಕ್ಷ್ಮೀನರಸಿಂಹನಲ್ಲಿ ಅಪಾಯ ಇನ್ನೂ ದೊಡ್ಡದು. ಅವನ ಎಡತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಳು, ಈಗ ಒಡೆದುಹೋಗಿದ್ದಾಳೆ. ಬಲಭಾಗವನ್ನು ತಿರುಗಿಸಿ ಎಡಕ್ಕೆ ಕೂರಿಸಿದರೆ ಅವಳು ಅಲ್ಲಿದ್ದಳೆಂಬ ಗುರುತೇ ಅಳಿಸಿಹೋಗುತ್ತದೆ.

ಕನ್ನಡಿ ಪ್ರತಿ ತೋರಿಸುವುದು ಶಿಲ್ಪ ಹೀಗಿದ್ದಿರಬಹುದು ಎಂಬ ಊಹೆಯನ್ನು ಮಾತ್ರ. ಮನೆಯ ಗೋಡೆಗೆ ಅದು ಚೆನ್ನ, ಇತಿಹಾಸಕ್ಕೆ ಸಾಕ್ಷಿಯಾಗದು. ಆದ್ದರಿಂದ ಹರಿದ ಫೋಟೋದ ಮೂಲ ಸ್ಕ್ಯಾನನ್ನು ಮುಟ್ಟದೆ ಬೇರೆಯಾಗಿ ಉಳಿಸಿ. ತಯಾರಾದ ಪ್ರಿಂಟಿನ ಹಿಂಬದಿಯಲ್ಲಿ ಯಾವ ಭಾಗ ಹಳೆಯದು, ಯಾವುದು ತಿರುಗಿಸಿ ಸೇರಿಸಿದ್ದು ಎಂದು ಬರೆದಿಡಿ. ಮುಂದೆ ಅದನ್ನು ನೋಡುವವರು ಮೋಸಹೋಗಬಾರದು.